‘ಒಂದೆಡೆ… ಇನ್ನೊಂದೆಡೆ…’: ಶಾಲೆಯ ಮೊಟ್ಟೆ ಕುರಿತ ಈ ಪ್ಯಾರಾದಲ್ಲಿ ನನ್ನ ನಿಲುವು ಏಕೆ ಕಾಣುತ್ತಿಲ್ಲ?

ಬಿಸಿಲೂರು

ನಮ್ಮ ಜಿಲ್ಲೆಯ ಸಣ್ಣ ಪತ್ರಿಕೆಯೊಂದಕ್ಕೆ ಆಗಾಗ ಅಂಕಣ ಬರೆಯುತ್ತೇನೆ. ಈ ಬಾರಿ ಬಿಸಿಯೂಟದ ಮೊಟ್ಟೆಯ ಬಗ್ಗೆ ಬರೆದು ಕಳುಹಿಸಿದ್ದೆ. ಸಂಪಾದಕರು ಒಂದೇ ಸಾಲಿನ ಟಿಪ್ಪಣಿಯೊಂದಿಗೆ ಹಿಂದಿರುಗಿಸಿದ್ದಾರೆ: ‘ಎಲ್ಲ ಸರಿ, ಆದರೆ ನೀವು ಹೇಳುವುದೇನು?’ ನಾನು ಮೊಟ್ಟೆಯ ಪರ ಇದ್ದೇನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎರಡೂ ಕಡೆಯ ಮಾತನ್ನು ಹೇಳದೆ ಬರೆದರೆ ಅದು ಪ್ರಚಾರದ ಕರಪತ್ರವಾಗುತ್ತದೆ ಎಂಬ ಭಯ. ಪರ ವಾದವನ್ನು ಮೊದಲು ಇಟ್ಟಿದ್ದೇನೆ, ಅಷ್ಟರಿಂದಲೇ ಓದುಗರಿಗೆ ಅರ್ಥವಾಗಬೇಕಲ್ಲವೇ? ಆ ಪ್ಯಾರಾ ಇಲ್ಲಿದೆ:

> ಶಾಲಾ ಮಕ್ಕಳಿಗೆ ಮೊಟ್ಟೆ ನೀಡುವ ವಿಚಾರ ರಾಜ್ಯದಲ್ಲಿ ವ್ಯಾಪಕ ಚರ್ಚೆಗೆ ಕಾರಣವಾಗಿದೆ. ಒಂದೆಡೆ, ಮೊಟ್ಟೆಯಲ್ಲಿ ಪೌಷ್ಟಿಕಾಂಶ ಹೇರಳವಾಗಿದ್ದು ಅಪೌಷ್ಟಿಕತೆ ನೀಗಿಸಲು ಸಹಕಾರಿ ಎಂದು ತಜ್ಞರು ಅಭಿಪ್ರಾಯಪಡುತ್ತಾರೆ. ಇನ್ನೊಂದೆಡೆ, ಇದು ಕೆಲವರ ಧಾರ್ಮಿಕ ಭಾವನೆಗಳಿಗೆ ಧಕ್ಕೆ ತರುತ್ತದೆ ಹಾಗೂ ಮಕ್ಕಳ ಮೇಲೆ ಒತ್ತಾಯ ಹೇರಿದಂತಾಗುತ್ತದೆ ಎಂಬ ವಾದವೂ ಇದೆ. ಎರಡೂ ವಾದಗಳಲ್ಲಿ ಹುರುಳಿದೆ. ಸರ್ಕಾರ ಎಲ್ಲರನ್ನೂ ವಿಶ್ವಾಸಕ್ಕೆ ತೆಗೆದುಕೊಂಡು ಸಮತೋಲಿತ ನಿರ್ಧಾರ ಕೈಗೊಳ್ಳಬೇಕಿದೆ.

ಸ್ಪರ್ಧಾರ್ಥಿ

ನನಗೇನೋ ಇದು ಒಳ್ಳೆಯ ಪ್ಯಾರಾ ಎನಿಸಿತು. ನಮ್ಮ ತರಬೇತಿ ತರಗತಿಯಲ್ಲಿ ಹೀಗೆಯೇ ಬರೆಯಲು ಹೇಳುತ್ತಾರೆ: ಪೀಠಿಕೆ, ಪರ, ವಿರೋಧ, ಮುಂದಿನ ದಾರಿ. ಮೌಲ್ಯಮಾಪಕರು ಯಾವ ಪಕ್ಷದವರೋ ಗೊತ್ತಿರುವುದಿಲ್ಲ, ಒಂದು ಕಡೆ ವಾಲಿದರೆ ಅಂಕ ಹೋಗುತ್ತದೆ. ನಿಮ್ಮ ಸಂಪಾದಕರಿಗೆ ಬಹುಶಃ ಅಂಕಿಅಂಶ ಬೇಕಿರಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಾದ ಎನ್‌ಎಫ್‌ಎಚ್‌ಎಸ್‌-5ರ ಪ್ರಕಾರ ಕರ್ನಾಟಕದಲ್ಲಿ ಶೇ 35.4ರಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. ಅದನ್ನು ಸೇರಿಸಿದರೆ ಪರ ವಾದಕ್ಕೆ ತೂಕ ಬರುತ್ತದೆ.

ಹಳೆಯ ಡೆಸ್ಕ್

ಪತ್ರಿಕೆಯ ಸಂಪಾದಕೀಯ ಪುಟದಲ್ಲಿ ಬಹಳ ಕಾಲ ಇಂಥ ಪ್ಯಾರಾಗಳನ್ನು ತಿದ್ದುತ್ತಿದ್ದವನು ನಾನು. ಬಿಸಿಲೂರು ಅವರೇ, ಒಂದು ಪರೀಕ್ಷೆ ಮಾಡಿ. ‘ಒಂದೆಡೆ’ಯ ವಾಕ್ಯವನ್ನೂ ‘ಇನ್ನೊಂದೆಡೆ’ಯ ವಾಕ್ಯವನ್ನೂ ಅದಲುಬದಲು ಮಾಡಿ ಮತ್ತೆ ಓದಿ. ಪ್ಯಾರಾದ ಅರ್ಥ ಎಳ್ಳಷ್ಟೂ ಬದಲಾಗುವುದಿಲ್ಲ. ಕೊನೆಯ ಎರಡು ವಾಕ್ಯಗಳು ಎರಡೂ ಕ್ರಮಕ್ಕೆ ಸಲೀಸಾಗಿ ಹೊಂದಿಕೊಳ್ಳುತ್ತವೆ. ನಿಲುವು ಇರುವ ಪ್ಯಾರಾದಲ್ಲಿ ಹೀಗೆ ಮಾಡಲು ಹೋದರೆ ಎಲ್ಲೋ ಒಂದು ಕಡೆ ಮುರಿಯುತ್ತದೆ. ಮೊದಲು ಇಟ್ಟರೆ ಒಲವು ಕಾಣುತ್ತದೆ ಎಂಬ ನಿಮ್ಮ ನಂಬಿಕೆ ತಿರುಗುಮುರುಗಾಗಿದೆ. ಕನ್ನಡದ ಓದುಗ ಕೊನೆಗೆ ಬಂದ ಮಾತನ್ನೇ ಬರಹಗಾರನ ಮಾತು ಎಂದು ತೆಗೆದುಕೊಳ್ಳುತ್ತಾನೆ. ನಿಮ್ಮಲ್ಲಿ ಕೊನೆಗೆ ಬಂದಿರುವುದು ವಿರೋಧದ ವಾದ, ಅದರ ಹಿಂದೆಯೇ ಸರ್ಕಾರಕ್ಕೆ ಒಂದು ಬುದ್ಧಿವಾದ.

ಇನ್ನು ಒಳಗಿನದು. ‘ಇನ್ನೊಂದೆಡೆ’ಯ ವಾಕ್ಯದಲ್ಲಿ ಎರಡು ಬೇರೆ ಜಾತಿಯ ಮಾತುಗಳನ್ನು ಒಂದೇ ‘ಹಾಗೂ’ವಿನಲ್ಲಿ ಕಟ್ಟಿದ್ದೀರಿ. ಭಾವನೆಗೆ ಧಕ್ಕೆಯಾಯಿತು ಎಂಬುದು ಒಂದು. ಆದವರಿಗೆ ಆಗಿದೆ, ಅದನ್ನು ನೀವಾಗಲಿ ನಾನಾಗಲಿ ಅಲ್ಲಗಳೆಯಲು ಬರುವುದಿಲ್ಲ. ಒತ್ತಾಯ ಹೇರಿದಂತಾಗುತ್ತದೆ ಎಂಬುದು ಇನ್ನೊಂದು. ಅದು ಪರಿಶೀಲಿಸಬಹುದಾದ ಮಾತು. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗಲೇ ತಿನ್ನದವರಿಗೆ ಬಾಳೆಹಣ್ಣು ಎಂದಿತ್ತು. ಒತ್ತಾಯ ಇದೆಯೋ ಇಲ್ಲವೋ ಎಂಬುದನ್ನು ಆದೇಶ ಓದಿ, ಶಾಲೆಗೆ ಹೋಗಿ ನೋಡಿ ಹೇಳಬಹುದು. ಹಾಗೆ ಹೇಳಬಹುದಾದದ್ದನ್ನು ‘ಎಂಬ ವಾದವೂ ಇದೆ’ ಎಂದು ಬಿಟ್ಟರೆ ಅದು ಸಮತೋಲನವಲ್ಲ, ಕೆಲಸ ಬಾಕಿ ಉಳಿಸಿದ್ದು.

ಅದೇ ತಪ್ಪು ಇನ್ನೊಂದು ಬದಿಯಲ್ಲೂ ಇದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಒಂದು ಬಾಳೆಹಣ್ಣಿನಲ್ಲಿ 1 ಗ್ರಾಂಗಿಂತ ತುಸು ಹೆಚ್ಚು. ಇದನ್ನು ತಜ್ಞರು ‘ಅಭಿಪ್ರಾಯಪಡುವುದಿಲ್ಲ’, ಅಳೆದು ಹೇಳುತ್ತಾರೆ. ಅಳತೆಯನ್ನು ಅಭಿಪ್ರಾಯದ ಮಟ್ಟಕ್ಕೆ ಇಳಿಸಿ, ವದಂತಿಯನ್ನು ವಾದದ ಮಟ್ಟಕ್ಕೆ ಏರಿಸಿದ ಮೇಲೆ ತಕ್ಕಡಿ ಸಮ ತೂಗದೆ ಇನ್ನೇನು ಮಾಡೀತು?

ಸ್ಪರ್ಧಾರ್ಥಿಯವರೇ, ಆ ಶೇ 35.4 ಐದು ವರ್ಷದೊಳಗಿನ ಮಕ್ಕಳದು. ಬಿಸಿಯೂಟ ತಿನ್ನುವವರು ಒಂದನೇ ತರಗತಿಯಿಂದ ಮೇಲಿನವರು. ಆ ಅಂಕಿಯನ್ನು ಇಲ್ಲಿ ಬಳಸಿದರೆ ವಿರೋಧಿಸುವವರು ಅದೊಂದನ್ನೇ ಹಿಡಿದು ಇಡೀ ಲೇಖನವನ್ನು ಮೂಲೆಗೆ ತಳ್ಳುತ್ತಾರೆ, ತಳ್ಳಲು ಅವರಿಗೆ ಹಕ್ಕೂ ಇದೆ.

ನೇರಮಾತು

ಇಷ್ಟೆಲ್ಲ ಏಕೆ? ಮೊದಲ ಸಾಲಿನಲ್ಲೇ ‘ನಾನು ಮೊಟ್ಟೆಯ ಪರ’ ಎಂದು ಬರೆಯಿರಿ, ಉಳಿದದ್ದನ್ನು ಹಾಗೆಯೇ ಬಿಡಿ. ಓದುಗರಿಗೆ ಗೊತ್ತಾಗುತ್ತದೆ, ಸಂಪಾದಕರಿಗೂ ಸಮಾಧಾನ.

ಹಳೆಯ ಡೆಸ್ಕ್

ಅರ್ಧ ಸರಿ. ಅಂಕಣದ ಮೊದಲ ಸಾಲಿನಲ್ಲಿ ನಿಲುವು ಹೇಳುವುದರಲ್ಲಿ ತಪ್ಪೇನೂ ಇಲ್ಲ, ಎಷ್ಟೋ ಸಲ ಅದೇ ಒಳ್ಳೆಯದು. ಆದರೆ ‘ಉಳಿದದ್ದನ್ನು ಹಾಗೆಯೇ ಬಿಡಿ’ ಎಂದಿರಲ್ಲ, ಅಲ್ಲೇ ತೊಡಕು. ಮೇಲೆ ‘ನಾನು ಪರ’ ಎಂದು ಹೇಳಿ ಕೆಳಗೆ ‘ಎರಡೂ ವಾದಗಳಲ್ಲಿ ಹುರುಳಿದೆ’ ಎಂದರೆ, ವಿರೋಧದ ವಾದದಲ್ಲಿ ಅಷ್ಟೇ ಹುರುಳಿದ್ದರೂ ನೀವೇಕೆ ಪರ ಎಂದು ಓದುಗ ಕೇಳುತ್ತಾನೆ. ಉತ್ತರ ಪ್ಯಾರಾದಲ್ಲಿ ಇಲ್ಲ. ಪಕ್ಷ ಗೊತ್ತಾಯಿತು, ಕಾರಣ ಗೊತ್ತಾಗಲಿಲ್ಲ. ಒಲವು ಕಾಣಬೇಕಾದದ್ದು ಘೋಷಣೆಯಲ್ಲಿ ಅಲ್ಲ, ಎದುರಿನ ವಾದದಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ, ಒಪ್ಪಿದ ಮೇಲೂ ಏಕೆ ಇತ್ತ ಕಡೆಯೇ ನಿಲ್ಲುತ್ತೀರಿ ಎಂಬುದರಲ್ಲಿ.

ಕೊಪ್ಪಳ ಸೀಮೆಯ ಶಿಕ್ಷಕಿ

ಮೊಟ್ಟೆ ಬೇಕೋ ಬೇಡವೋ ಎಂದು ಇಲ್ಲಿ ಚರ್ಚೆ ನಡೆಯುತ್ತಿರುವುದು ನೋಡಿ ಬರೆಯುತ್ತಿದ್ದೇನೆ. ಊರ ಹೊರಗೆ ಕುಳಿತು ಚರ್ಚಿಸುವವರು ಒಂದು ದಿನ ನಮ್ಮ ಶಾಲೆಗೆ ಬನ್ನಿ. ನಮ್ಮಲ್ಲಿ ಮೊಟ್ಟೆ ತಿನ್ನುವ ಮಕ್ಕಳು 160. ಮೊದಲು ವಾರಕ್ಕೆ ಎರಡು ದಿನ ಇತ್ತು, 2024ರಿಂದ ಆರು ದಿನ. ಅಂದರೆ ದಿನಕ್ಕೆ ಐದು ಟ್ರೇ ಪೂರ್ತಿ, ಆರನೆಯದರಲ್ಲಿ ಹತ್ತು. ಅವನ್ನು ಬೇಯಿಸಬೇಕು, ತಣ್ಣೀರಿಗೆ ಹಾಕಬೇಕು, ಒಂದೊಂದಾಗಿ ಸುಲಿಯಬೇಕು. ಅಡುಗೆಯವರು ಇಬ್ಬರೇ, ಅನ್ನ ಸಾಂಬಾರು ಬೇರೆ ಆಗಬೇಕು. ಹಾಗಾಗಿ ಎರಡನೇ ಅವಧಿ ಮುಗಿಯುತ್ತಿದ್ದಂತೆ ದೊಡ್ಡ ತರಗತಿಯ ಹೆಣ್ಣುಮಕ್ಕಳು ತಾವಾಗಿಯೇ ಬಂದು ಸುಲಿಯಲು ಕುಳಿತುಬಿಡುತ್ತಾರೆ. ಬೇಡ ಎಂದು ಕಳುಹಿಸುತ್ತೇನೆ, ಮರುದಿನ ಮತ್ತೆ ಬಂದಿರುತ್ತಾರೆ.

ಹಣದ ಲೆಕ್ಕ ಇನ್ನೊಂದು ಕಥೆ. ಒಂದು ಮೊಟ್ಟೆಗೆ ನಮಗೆ ಬರುವುದು 6 ರೂಪಾಯಿ, ಅದರಲ್ಲೇ ಗ್ಯಾಸ್ ಮತ್ತು ಸುಲಿಯುವ ಕೂಲಿಯೂ ಸೇರಿದೆ. ಅಂಗಡಿಯಲ್ಲಿ ಆರೂವರೆಗೆ ಏರಿದ ತಿಂಗಳು ಮೊಟ್ಟೆಯೊಂದಕ್ಕೇ ಎಂಟಾಣೆ ಕಡಿಮೆ. 160ಕ್ಕೆ ದಿನಕ್ಕೆ 80 ರೂಪಾಯಿ, ವಾರಕ್ಕೆ 480. ಗ್ಯಾಸಿನ ಖರ್ಚು ಇದರ ಮೇಲೆ. ಅದನ್ನು ಮುಖ್ಯ ಶಿಕ್ಷಕರು ತಮ್ಮ ಜೇಬಿನಿಂದ ಹಾಕುತ್ತಾರೆ, ಇಲ್ಲವೇ ಸಣ್ಣ ಮೊಟ್ಟೆ ತರುತ್ತಾರೆ. ಸಣ್ಣ ಮೊಟ್ಟೆ ತಂದ ದಿನ ಪಾಲಕರು ಬಂದು ಕೇಳುತ್ತಾರೆ. ಇದನ್ನು ಯಾರು ಬರೆಯುತ್ತೀರಿ?

ಬಿಸಿಲೂರು

ಮೇಡಂ, ಇಲ್ಲಿ ಚರ್ಚೆ ಮೊಟ್ಟೆ ಬೇಕೋ ಬೇಡವೋ ಎಂಬುದಲ್ಲ, ಅದರ ಬಗ್ಗೆ ಬರೆಯುವುದು ಹೇಗೆ ಎಂಬುದು. ಆದರೂ ನೀವು ಬರೆದದ್ದನ್ನು ಓದಿದ ಮೇಲೆ ನನ್ನ ಪ್ಯಾರಾ ಇನ್ನಷ್ಟು ಪೇಲವವಾಗಿ ಕಾಣುತ್ತಿದೆ. ನಾನು ಸುತ್ತಮುತ್ತಲಿನ ಶಾಲೆಗಳಲ್ಲಿ ವಿಚಾರಿಸಿದಾಗಲೂ ದರದ ಮಾತು ಕೇಳಿಬಂದಿತ್ತು. ಅದು ಪರ-ವಿರೋಧ ಎರಡರಲ್ಲೂ ಸೇರುವುದಿಲ್ಲವಲ್ಲ ಎಂದು ಬಿಟ್ಟಿದ್ದೆ.

ಹಳೆಯ ಡೆಸ್ಕ್

ಬಿಟ್ಟಿರಲ್ಲ, ಅದೇ ನೋಡಿ! ಎರಡು ಕಡೆ ಇರಲೇಬೇಕು ಎಂದು ಮೊದಲೇ ಎರಡು ಡಬ್ಬಿ ಇಟ್ಟುಕೊಂಡು ಕುಳಿತರೆ, ಎರಡರಲ್ಲೂ ಹಿಡಿಸದ ಮಾತು ಹೊರಗೆ ಬೀಳುತ್ತದೆ. ಹಾಗೆ ಬೀಳುವುದು ಸಾಮಾನ್ಯವಾಗಿ ಬರಹಗಾರನಿಗೆ ನಿಜವಾಗಿ ಗೊತ್ತಿರುವ ಮಾತೇ ಆಗಿರುತ್ತದೆ. ಪರ-ವಿರೋಧದ ಮಾತುಗಳನ್ನು ಅವರು ಟಿವಿಯಲ್ಲಿ ಕೇಳಿರುತ್ತಾರೆ. ಆರು ರೂಪಾಯಿಯ ಮಾತನ್ನು ಮಾತ್ರ ತಾವೇ ಹೋಗಿ ಕೇಳಿ ತಂದಿರುತ್ತಾರೆ.

ಶಿಕ್ಷಕಿಯವರ ಬರಹವನ್ನು ಇನ್ನೊಮ್ಮೆ ಓದಿ. ‘ನಾನು ಪರ’ ಎಂದು ಅವರು ಎಲ್ಲೂ ಬರೆದಿಲ್ಲ. ಮೊಟ್ಟೆಯ ಬಗ್ಗೆ ದೂರೇ ಹೇಳಿದ್ದಾರೆ. ಆದರೂ ಮೊಟ್ಟೆ ನಿಲ್ಲಬಾರದು ಎಂಬುದು ಅವರ ನಿಲುವು ಎಂದು ನಿಮಗೆ ಅನುಮಾನ ಬಂತೇ? ದರ ಏರಿಸಿ ಎಂದು ಕೇಳುವವರು ಯೋಜನೆ ನಿಲ್ಲಿಸಿ ಎಂದು ಕೇಳುತ್ತಿಲ್ಲ. ಅವರು ಯಾವುದರ ಬಗ್ಗೆ ಚಿಂತಿಸುತ್ತಿದ್ದಾರೆ ಎಂಬುದೇ ಅವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಹೇಳುತ್ತದೆ.

ಮಲೆನಾಡಿನ ಅಪ್ಪ

ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ, ಮಗಳು ಸರ್ಕಾರಿ ಶಾಲೆಯಲ್ಲೇ ಓದುತ್ತಾಳೆ. ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ನಿಮ್ಮೆಲ್ಲರ ಮಾತಿನ ಅಡಿಯಲ್ಲಿ ಒಂದು ಊಹೆ ಇದೆ: ‘ನಿಲುವು’ ಎಂದರೆ ಪರ, ‘ವಾದವೂ ಇದೆ’ ಎಂದರೆ ನಾವು. ಡೆಸ್ಕ್ ಅವರು ನಮ್ಮ ಮಾತನ್ನು ವದಂತಿ ಎಂದೂ ಕರೆದರು. ನನಗೆ ಒತ್ತಾಯದ ದೂರಿಲ್ಲ, ಮಗಳಿಗೆ ಬಾಳೆಹಣ್ಣು ಕೊಡುತ್ತಾರೆ. ಪ್ರೋಟೀನಿನ ಲೆಕ್ಕದಲ್ಲೂ ತಕರಾರಿಲ್ಲ. ನನ್ನ ಕಷ್ಟ ಬೇರೆ. ಬಿಸಿಯೂಟ ಬಂದ ಮೇಲೆ ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಒಂದೇ ಊಟ ಮಾಡುವುದು ಸಾಧ್ಯವಾಯಿತು. ಈಗ ಬಡಿಸುವವರ ಅನುಕೂಲಕ್ಕೆ ಬಾಳೆಹಣ್ಣಿನವರನ್ನು ಸಾಲಿನ ಕೊನೆಗೆ ಕೂರಿಸುತ್ತಾರೆ. ಯಾರು ಯಾರ ಮನೆಯವರು ಎಂದು ಒಂದನೇ ತರಗತಿಯ ಮಗುವಿಗೂ ಗೊತ್ತಾಗುತ್ತದೆ. ನನ್ನಂಥವನು ಬರೆದರೆ ಅದರಲ್ಲಿ ಒಲವು ಹೇಗೆ ಕಾಣಬೇಕು?

ಹಳೆಯ ಡೆಸ್ಕ್

‘ವದಂತಿ’ ಎಂದದ್ದು ಒತ್ತಾಯದ ಮಾತಿಗೆ ಮಾತ್ರ, ನಿಮ್ಮದು ಆ ಮಾತೇ ಅಲ್ಲ. ನಿಮ್ಮದು ಇಲ್ಲಿಯವರೆಗೆ ಬಂದ ವಿರೋಧಗಳಲ್ಲೇ ಗಟ್ಟಿಯಾದದ್ದು. ಬಿಸಿಲೂರು ಅವರು ‘ಧಾರ್ಮಿಕ ಭಾವನೆ’ ಎಂದು ಒಂದೇ ಪದದಲ್ಲಿ ಮುಗಿಸಿದ್ದರ ಒಳಗೆ ಇದು ಹೂತುಹೋಗಿತ್ತು.

ನೀವು ಬರೆಯುವುದಾದರೆ ನೀವು ಈಗ ಮಾಡಿದ್ದನ್ನೇ ಮಾಡಿ. ಒತ್ತಾಯವಿಲ್ಲ ಎಂದು ಒಪ್ಪಿದಿರಿ, ಪ್ರೋಟೀನು ಒಪ್ಪಿದಿರಿ. ಎರಡನ್ನೂ ಒಪ್ಪಿ ಮುಗಿಸಿದ ಮೇಲೆ ‘ನನ್ನ ಕಷ್ಟ ಬೇರೆ’ ಎಂದಿರಿ. ಓದುಗನಿಗೆ ಅಲ್ಲಿಗೆ ಗೊತ್ತಾಗುತ್ತದೆ, ಇವರು ಸುಲಭದ ವಾದಗಳನ್ನು ಕೈಬಿಟ್ಟು ಬಂದವರು ಎಂದು. ಇದಕ್ಕೆ ಪರ-ವಿರೋಧದ ಭೇದವಿಲ್ಲ. ಎರಡೂ ಕಡೆಯವರು ಅದೇ ಸಂಗತಿಗಳನ್ನು ಒಪ್ಪಿ, ಬೇರೆ ಬೇರೆ ಕಡೆ ಭಾರ ಹಾಕಬಹುದು. ಉದಾಹರಣೆಗೆ:

> ಮೊಟ್ಟೆಯಿಂದ ಮಕ್ಕಳ ಮೈಗೆ ಒಳಿತಾಗುತ್ತದೆ, ಅದು ನಿಜ. ಆದರೆ ಸಾಲು ಒಡೆಯುತ್ತದೆ.

> ಸಾಲು ಒಡೆಯುತ್ತದೆ, ಅದು ನಿಜ. ಆದರೆ ಮೊಟ್ಟೆಯಿಂದ ಮಕ್ಕಳ ಮೈಗೆ ಒಳಿತಾಗುತ್ತದೆ.

ಎರಡರಲ್ಲೂ ಇರುವ ಸಂಗತಿ ಒಂದೇ. ಮೊದಲನೆಯದನ್ನು ಮಲೆನಾಡಿನ ಅಪ್ಪ ಬರೆಯಬಹುದು, ಎರಡನೆಯದನ್ನು ಬಿಸಿಲೂರು. ಎದುರಿನವರ ಮಾತನ್ನು ಮೊದಲು ಒಪ್ಪಿ, ನಿಮ್ಮ ಮಾತನ್ನು ‘ಆದರೆ’ಯ ಆಚೆ ಇಡಿ. ‘ಒಂದೆಡೆ, ಇನ್ನೊಂದೆಡೆ’ ಎಂದಾಗ ಈ ಈಚೆ-ಆಚೆ ಇಲ್ಲವಾಗುತ್ತದೆ. ಅದಕ್ಕೇ ಆ ಜೋಡಿ ಅಷ್ಟು ಜನಪ್ರಿಯ.

ಬಿಸಿಲೂರು

ಸರಿ, ಹೊಸದಾಗಿ ಬರೆದೆ. ಈ ಸಲ ಯಾರೂ ನಿಲುವಿಲ್ಲ ಎನ್ನಲಾರಿರಿ:

> ಬಡ ಮಕ್ಕಳ ತಟ್ಟೆಗೆ ಬಿದ್ದ ಒಂದು ಮೊಟ್ಟೆಯನ್ನು ಕಂಡು ಕೆಲವು ಸ್ವಯಂಘೋಷಿತ ಧರ್ಮರಕ್ಷಕರು ಹೌಹಾರಿರುವುದು ನಾಚಿಕೆಗೇಡಿನ ಸಂಗತಿ. ಬಾಳೆಹಣ್ಣಿನ ಆಯ್ಕೆ ಇದ್ದರೂ ಒತ್ತಾಯದ ಗುಲ್ಲೆಬ್ಬಿಸುವ ಇವರ ಮೊಂಡುತನಕ್ಕೆ ಹಸಿದ ಮಕ್ಕಳ ಆರೋಗ್ಯವೇ ಬಲಿಯಾಗುತ್ತಿದೆ.

ನೇರಮಾತು

ಭೇಷ್. ಇದು ಬರವಣಿಗೆ.

ಮಲೆನಾಡಿನ ಅಪ್ಪ

ಮೊದಲ ಸಾಲಿಗೇ ಪತ್ರಿಕೆ ಮಡಚಿಟ್ಟೆ.

ಹಳೆಯ ಡೆಸ್ಕ್

ಮಡಚಿಡುವುದು ಅವರೊಬ್ಬರೇ ಅಲ್ಲ. ಬಿಸಿಲೂರು ಅವರೇ, ಈ ಪ್ಯಾರಾದಿಂದ ‘ಸ್ವಯಂಘೋಷಿತ’, ‘ಹೌಹಾರಿರುವುದು’, ‘ನಾಚಿಕೆಗೇಡಿನ’, ‘ಗುಲ್ಲು’, ‘ಮೊಂಡುತನ’, ‘ಬಲಿ’ ಇಷ್ಟನ್ನು ತೆಗೆದು ನೋಡಿ. ಉಳಿಯುವುದು ಬಾಳೆಹಣ್ಣಿನ ಆಯ್ಕೆ ಇದೆ ಎಂಬ ಒಂದು ಸಂಗತಿ. ನಿಮ್ಮ ಒಲವೆಲ್ಲ ವಿಶೇಷಣಗಳಲ್ಲಿ ಇತ್ತು, ಅವು ಹೋದರೆ ಒಲವೂ ಹೋಯಿತು. ಅಷ್ಟೇ ಅಲ್ಲ, ‘ಮಕ್ಕಳ ಆರೋಗ್ಯವೇ ಬಲಿಯಾಗುತ್ತಿದೆ’ ಎಂದಿದ್ದೀರಿ. ಯೋಜನೆ ನಿಂತಿಲ್ಲ, ವಾರಕ್ಕೆ ಆರು ದಿನಕ್ಕೆ ಹೆಚ್ಚಿದೆ. ಯಾರು ಎಲ್ಲಿ ಬಲಿಯಾದರು? ಕೋಪದಲ್ಲಿ ಬರೆದ ವಾಕ್ಯ ಮೊದಲು ಸುಳ್ಳಾಗುವುದು ಕ್ರಿಯಾಪದದಲ್ಲಿ.

ಇನ್ನೊಂದು ವಿಷಯ. ಮೊದಲ ಕರಡಿನಲ್ಲಿ ‘ಕೆಲವರು’, ಇದರಲ್ಲಿ ‘ಕೆಲವು ಧರ್ಮರಕ್ಷಕರು’. ಎರಡರಲ್ಲೂ ಆ ಕೆಲವರು ಯಾರೆಂದು ಗೊತ್ತಿಲ್ಲ. 2021ರಲ್ಲಿ ವಿರೋಧಿಸಿದವರಲ್ಲಿ ಕೆಲವು ಮಠಾಧೀಶರು ಇದ್ದರು, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ‘ಕೆಲವು ಮಠಾಧೀಶರು ವಿರೋಧಿಸಿದರು’ ಎಂದು ಸುಮ್ಮನೆ ಬರೆಯಿರಿ. ಅದಕ್ಕೆ ಬಣ್ಣ ಬೇಕಿಲ್ಲ.

ಸ್ಪರ್ಧಾರ್ಥಿ

ಹಾಗಾದರೆ ಯಾದಗಿರಿ ಮತ್ತು ಗದಗದ ಮಕ್ಕಳನ್ನು ಹೋಲಿಸಿದ ಅಧ್ಯಯನ ಬಳಸಬಹುದಲ್ಲ? ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮಾಡಿದ್ದು. ಯಾದಗಿರಿಯಲ್ಲಿ ಮೊಟ್ಟೆ ಕೊಡುತ್ತಿದ್ದರು, ಗದಗದಲ್ಲಿ ಆಗ ಕೊಡುತ್ತಿರಲಿಲ್ಲ. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು ಎಂದು ಓದಿದ್ದೇನೆ.

ಹಳೆಯ ಡೆಸ್ಕ್

ಬಳಸಿ, ಅದು ಶಾಲೆಯ ಮಕ್ಕಳನ್ನೇ ಅಳೆದದ್ದು. ಅದು ಕೆಲವೇ ತಿಂಗಳುಗಳ ಅಳತೆ ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಿ. ನಿಮ್ಮ ಕಡೆಯ ಸಾಕ್ಷ್ಯದ ಮಿತಿಯನ್ನು ನೀವೇ ಹೇಳಿದರೆ ನಿಲುವು ಸಡಿಲಾಗುತ್ತದೆ ಎಂದು ಹೊಸಬರು ಹೆದರುತ್ತಾರೆ. ಆಗುವುದು ಇದಕ್ಕೆ ವಿರುದ್ಧ. ಮಿತಿ ಹೇಳಿದ ಮೇಲೂ ನೀವು ಅಲ್ಲೇ ನಿಂತಿದ್ದೀರಿ ಎಂಬುದು ಕಾಣುತ್ತದೆ.

ಶರಾವತಿ ಕಣಿವೆ

ನನ್ನದು ಸ್ವಲ್ಪ ಬೇರೆ ಪ್ರಶ್ನೆ. ನಿಮಗೆಲ್ಲ ನಿಲುವು ಇದೆ, ತೋರಿಸುವುದು ಹೇಗೆ ಎಂದು ಕೇಳುತ್ತಿದ್ದೀರಿ. ನನಗೆ ಎಷ್ಟೋ ವಿಷಯಗಳಲ್ಲಿ ನಿಲುವೇ ಇಲ್ಲ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ವಿಷಯವನ್ನೇ ತೆಗೆದುಕೊಳ್ಳಿ. 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ ಎರಡರ ಬಗ್ಗೆಯೂ ಬಂದ ಬರಹಗಳನ್ನು ಓದಿದ್ದೇನೆ. ಗುಡ್ಡ ಕುಸಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಬಗರ್‌ಹುಕುಂ ಜಾಗದಲ್ಲಿ ಅಡಿಕೆ ಹಾಕಿಕೊಂಡ ನೆಂಟರೂ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲು ಕುಳಿತರೆ ‘ಒಂದೆಡೆ, ಇನ್ನೊಂದೆಡೆ’ ಬಿಟ್ಟು ಬೇರೇನೂ ಬರುವುದಿಲ್ಲ. ಸುಳ್ಳು ನಿಲುವು ತೋರಿಸಲೇ?

ಹಳೆಯ ಡೆಸ್ಕ್

ಬೇಡ. ನಿರ್ಧಾರವಾಗಿಲ್ಲ ಎಂಬುದೂ ಒಂದು ಜಾಗ. ಆದರೆ ಅದನ್ನು ನಿಖರವಾಗಿ ಹೇಳಬೇಕು. ಎಲ್ಲಿ ಸಿಕ್ಕಿಕೊಂಡಿದ್ದೀರಿ, ಯಾವುದು ಗೊತ್ತಾದರೆ ಯಾವ ಕಡೆಗೆ ಹೋಗುತ್ತೀರಿ? ‘ಈಗಿರುವ ತೋಟಗಳಿಗೆ ತೊಂದರೆ ಇಲ್ಲ ಎಂದು ಬರವಣಿಗೆಯಲ್ಲಿ ಕೊಟ್ಟರೆ ನಾನು ವರದಿಯ ಪರ’ ಎಂದು ಬರೆಯಬಲ್ಲಿರಾ? ಬರೆಯಬಲ್ಲಿರಾದರೆ ನೀವು ನಡುವೆ ಇಲ್ಲ, ಒಂದು ಷರತ್ತಿನ ದೂರದಲ್ಲಿದ್ದೀರಿ. ಬರೆಯಲಾರಿರಾದರೆ ನಿಮ್ಮ ಸಮಸ್ಯೆ ತೋಟದ್ದಲ್ಲ, ಬೇರೆ ಏನೋ ಇದೆ, ಅದನ್ನು ಹುಡುಕಿ.

ಶರಾವತಿ ಕಣಿವೆ

ಬರವಣಿಗೆಯಲ್ಲಿ ಕೊಟ್ಟರೂ ನನಗೆ ನಂಬಿಕೆ ಬರುವುದಿಲ್ಲ. ಅಣೆಕಟ್ಟಿಗೆ ಊರು ಬಿಟ್ಟವರ ಮೊಮ್ಮಗ ನಾನು.

ಹಳೆಯ ಡೆಸ್ಕ್

ಹಾಗಾದರೆ ನಿಮ್ಮ ಲೇಖನ ವರದಿಯ ಬಗ್ಗೆ ಅಲ್ಲ, ಆ ನಂಬಿಕೆಯ ಬಗ್ಗೆ. ಈ ಎರಡು ವಾಕ್ಯಗಳಿಂದಲೇ ಶುರುಮಾಡಿ.

ಕೊಪ್ಪಳ ಸೀಮೆಯ ಶಿಕ್ಷಕಿ

ಎಲ್ಲರಿಗೂ ನಿಲುವು ತೋರಿಸಿ ಎಂದು ಹೇಳುತ್ತಿದ್ದೀರಿ. ನಮಗೆ ನಡತೆ ನಿಯಮಗಳಿವೆ, ಸರ್ಕಾರದ ನೀತಿಯನ್ನು ಟೀಕಿಸಿ ಬರೆಯುವಂತಿಲ್ಲ. ನಮ್ಮ ಶಿಕ್ಷಕರು ಬರೆಯುವ ಲೇಖನಗಳೆಲ್ಲ ‘ಕ್ರಮ ಕೈಗೊಳ್ಳಬೇಕಿದೆ’ ಎಂದು ಮುಗಿಯುವುದು ಹೇಡಿತನಕ್ಕಲ್ಲ, ನೋಟಿಸಿನ ಭಯಕ್ಕೆ. ಡೆಸ್ಕಿನಲ್ಲಿ ಕುಳಿತವರಿಗೆ ಅದು ಗೊತ್ತಾಗುವುದಿಲ್ಲ.

ಹಳೆಯ ಡೆಸ್ಕ್

ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಸಂಗತಿಯನ್ನು ಮಾತ್ರ ಹೇಳಿ ಸುಮ್ಮನಿರುವುದು ಒಂದು ದಾರಿ. ‘ನಮಗೆ ಬರುವುದು 6 ರೂಪಾಯಿ, ಈ ತಿಂಗಳು ಅಂಗಡಿಯಲ್ಲಿ ಆರೂವರೆ’ ಎಂಬುದರಲ್ಲಿ ಟೀಕೆಯ ಪದ ಒಂದೂ ಇಲ್ಲ. ಆದರೆ ಅದನ್ನೂ ಟೀಕೆ ಎಂದು ಓದುವ ಮೇಲಧಿಕಾರಿ ಸಿಗುವುದಿಲ್ಲ ಎಂದು ನಾನು ಹೇಗೆ ಹೇಳಲಿ?

ಸ್ಪರ್ಧಾರ್ಥಿ

ನನ್ನ ಪ್ರಶ್ನೆಗೂ ಯಾರೂ ಉತ್ತರಿಸಲಿಲ್ಲ. ಪರೀಕ್ಷೆಯಲ್ಲಿ ಏನು ಮಾಡಲಿ?

ನೇರಮಾತು

ಪರೀಕ್ಷೆಯಲ್ಲಿ ಅಂಕ ಬರುವ ಹಾಗೆ ಬರೆಯಿರಿ. ಅಲ್ಲಿ ಯಾರೂ ನಿಮ್ಮ ನಿಲುವು ಕೇಳಿಕೊಂಡು ಕುಳಿತಿಲ್ಲ.

ಹಳೆಯ ಡೆಸ್ಕ್

ಅಷ್ಟು ಸರಾಗವಾಗಿ ಬಿಡಲಾರೆ. ಪ್ರಶ್ನೆಯಲ್ಲಿ ‘ಚರ್ಚಿಸಿ’ ಎಂದಿದ್ದರೆ ಒಂದು, ‘ನೀವು ಒಪ್ಪುತ್ತೀರಾ?’ ಎಂದಿದ್ದರೆ ಇನ್ನೊಂದು. ಎರಡನೆಯದಕ್ಕೂ ‘ಸಮತೋಲಿತ ನಿರ್ಧಾರ’ ಎಂದು ಬರೆದರೆ ಪ್ರಶ್ನೆಗೆ ಉತ್ತರಿಸಿದಂತಾಗುವುದಿಲ್ಲ. ಸುದ್ದಿ ವರದಿಯ ಲೆಕ್ಕವೂ ಬೇರೆ. ವರದಿಗಾರ ಎರಡೂ ಕಡೆಯವರ ಹೇಳಿಕೆ ತರಲೇಬೇಕು, ತನ್ನ ಒಲವು ಹೇಳುವಂತಿಲ್ಲ. ಆದರೆ ಒತ್ತಾಯವಿದೆ ಎಂದು ಒಬ್ಬರು ಹೇಳಿದಾಗ ಬಾಳೆಹಣ್ಣಿನ ಆದೇಶವನ್ನು ಪಕ್ಕದಲ್ಲೇ ಇಡುವುದು ಅವನ ಕೆಲಸವೇ. ಮೌಲ್ಯಮಾಪಕರು ಇದನ್ನೆಲ್ಲ ಹೇಗೆ ನೋಡುತ್ತಾರೋ ನನಗೆ ಅನುಭವವಿಲ್ಲ.

ಬಿಸಿಲೂರು

ಎರಡು ದಿನ ಬಿಟ್ಟು ಮೂರನೇ ಕರಡು. ಶಿಕ್ಷಕಿ ಮೇಡಂ ಕೊಟ್ಟ ಲೆಕ್ಕವನ್ನು ಶಾಲೆಯ ಗುರುತು ಸಿಗದಂತೆ ಬಳಸಿದ್ದೇನೆ, ಅವರ ಒಪ್ಪಿಗೆ ಇದೆ. ಮಲೆನಾಡಿನವರ ಮಾತನ್ನೂ ಸೇರಿಸಿದ್ದೇನೆ.

> ಬಿಸಿಯೂಟದಲ್ಲಿ ಮೊಟ್ಟೆ ತಿನ್ನುವಂತೆ ಯಾವ ಮಗುವನ್ನೂ ಒತ್ತಾಯಿಸುವ ನಿಯಮವಿಲ್ಲ. 2021ರ ಡಿಸೆಂಬರ್‌ನಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭವಾದಾಗಲೇ ಬೇಡವೆಂದವರಿಗೆ ಬಾಳೆಹಣ್ಣು ಇತ್ತು. ಕೆಲವು ಮಠಾಧೀಶರು ಅಂದು ವಿರೋಧಿಸಿದರು, ಮಕ್ಕಳು ಸಾಲಾಗಿ ಕುಳಿತು ತಿಂದರು. ಯಾದಗಿರಿಯ ಮಕ್ಕಳನ್ನು ಮೊಟ್ಟೆ ಇಲ್ಲದ ಗದಗದ ಮಕ್ಕಳೊಂದಿಗೆ ಹೋಲಿಸಿದಾಗ, ಅದು ಕೆಲವೇ ತಿಂಗಳುಗಳ ಅಳತೆಯಾದರೂ, ಯಾದಗಿರಿಯವರ ತೂಕ ಹೆಚ್ಚು ಏರಿತ್ತು. ವಿರೋಧದ ಮಾತುಗಳಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಒಂದೇ: ಒಂದೇ ಸಾಲಿನಲ್ಲಿ ಎರಡು ಬಗೆಯ ತಟ್ಟೆಗಳಾದವು, ಬಾಳೆಹಣ್ಣಿನವರು ಕೊನೆಗೆ ಹೋದರು. ಇದು ಆಗಬಾರದಿತ್ತು. ಆದರೆ ಇದಕ್ಕೆ ಪರಿಹಾರ ಬಡಿಸುವ ಕ್ರಮ ಬದಲಿಸುವುದು, ಮನೆಯಲ್ಲಿ ಮೊಟ್ಟೆ ಕೊಳ್ಳಲಾಗದ ಮಗುವಿನ ತಟ್ಟೆಯಿಂದ ಅದನ್ನು ತೆಗೆಯುವುದಲ್ಲ. ನನ್ನ ತಕರಾರು ಇರುವುದು ದರದ ಮೇಲೆ. ಒಂದು ಮೊಟ್ಟೆಗೆ 6 ರೂಪಾಯಿ ಕೊಟ್ಟು, ಅದರಲ್ಲೇ ಬೇಯಿಸಿ ಸುಲಿಯಿರಿ ಎನ್ನುತ್ತೇವೆ. ಅಂಗಡಿಯಲ್ಲಿ ಆರೂವರೆಯಾದ ತಿಂಗಳು 160 ಮಕ್ಕಳ ಶಾಲೆಯೊಂದಕ್ಕೆ ಮೊಟ್ಟೆಯಲ್ಲೇ ವಾರಕ್ಕೆ 480 ರೂಪಾಯಿ ಕಡಿಮೆ ಬೀಳುತ್ತದೆ, ಅದು ಮುಖ್ಯ ಶಿಕ್ಷಕರ ಜೇಬಿನಿಂದ ಹೋಗುತ್ತದೆ. ಮೊಟ್ಟೆ ಬೇಕು ಎನ್ನುವ ನಾವು ಆ ಎಂಟಾಣೆಯನ್ನೂ ಕೇಳಬೇಕು.

ಕೊಪ್ಪಳ ಸೀಮೆಯ ಶಿಕ್ಷಕಿ

ಸರಿಯಿದೆ. ಹೆಣ್ಣುಮಕ್ಕಳು ಸುಲಿಯುವ ಮಾತನ್ನು ಬಿಟ್ಟಿದ್ದಕ್ಕೆ ಥ್ಯಾಂಕ್ಸ್, ಅದನ್ನು ಬರೆದಿದ್ದರೆ ನಾಳೆಯೇ ತಪಾಸಣೆಗೆ ಬರುತ್ತಿದ್ದರು.

ಹಳೆಯ ಡೆಸ್ಕ್

ಈಗ ಅದಲುಬದಲು ಮಾಡಿ ನೋಡಿ. ಸಾಲಿನ ಮಾತನ್ನು ಕೊನೆಗೆ, ದರದ ಮಾತನ್ನು ಮೊದಲಿಗೆ ಹಾಕಿದರೆ ಇದು ಬೇರೆಯದೇ ಲೇಖನವಾಗುತ್ತದೆ. ‘ನಾನು ಪರ’ ಎಂಬ ಘೋಷಣೆ ಎಲ್ಲೂ ಇಲ್ಲ, ಬೇಕೂ ಇಲ್ಲ. ಒಂದು ವಾಕ್ಯ ಮಾತ್ರ ನನಗೆ ಒಪ್ಪಿಗೆಯಲ್ಲ: ‘ಕೆಲವು ಮಠಾಧೀಶರು ಅಂದು ವಿರೋಧಿಸಿದರು, ಮಕ್ಕಳು ಸಾಲಾಗಿ ಕುಳಿತು ತಿಂದರು.’ ಚುರುಕಾಗಿದೆ, ಅದರಲ್ಲಿ ಸುಳ್ಳೂ ಇಲ್ಲ. ಆದರೆ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ಕುಟುಕಿದ್ದೀರಿ. ಅದು ಎರಡನೇ ಕರಡಿನ ಕೋಪವೇ, ಬಟ್ಟೆ ಬದಲಿಸಿ ಬಂದಿದೆ.

ಬಿಸಿಲೂರು

ಅದನ್ನು ತೆಗೆಯುವುದಿಲ್ಲ ಸರ್. ಅಷ್ಟು ಕುಟುಕು ನನ್ನದೇ.

ಮಲೆನಾಡಿನ ಅಪ್ಪ

ಇರಲಿ ಬಿಡಿ, ಆ ಸಾಲಿನಿಂದಲೇ ಬರೆದವರು ಯಾರೆಂದು ತಿಳಿಯುತ್ತದೆ. ನನ್ನ ತಕರಾರು ಬೇರೆ. ‘ಬಡಿಸುವ ಕ್ರಮ ಬದಲಿಸುವುದು’ ಎಂದು ಮೂರು ಪದಗಳಲ್ಲಿ ಮುಗಿಸಿದ್ದೀರಿ. ಹೇಗೆ ಬದಲಿಸುತ್ತೀರಿ? ತಟ್ಟೆಯಲ್ಲಿ ಇರುವುದು ಬೇರೆ ಬೇರೆಯಾದ ಮೇಲೆ ಯಾವ ಕ್ರಮದಲ್ಲಿ ಬಡಿಸಿದರೂ ಪಕ್ಕದ ಮಗುವಿಗೆ ಕಾಣುತ್ತದೆ. ನನ್ನ ಮಾತನ್ನು ಒಪ್ಪಿದಂತೆ ಮಾಡಿ ಅಗ್ಗದಲ್ಲಿ ದಾಟಿಹೋಗಿದ್ದೀರಿ.

ಕೊಪ್ಪಳ ಸೀಮೆಯ ಶಿಕ್ಷಕಿ

ನಮ್ಮಲ್ಲಿ ಯಾರನ್ನೂ ಕೊನೆಗೆ ಕೂರಿಸುವುದಿಲ್ಲ. ಅಡುಗೆಯವರು ಒಂದು ಬುಟ್ಟಿಯಲ್ಲಿ ಎರಡನ್ನೂ ಇಟ್ಟುಕೊಂಡು ಬರುತ್ತಾರೆ, ಮಗು ಕೇಳಿದ್ದನ್ನು ಕೊಡುತ್ತಾರೆ. ತಟ್ಟೆ ಬೇರೆಯಾಗುವುದು ತಪ್ಪುವುದಿಲ್ಲ, ಅದು ಹೌದು. ಮನೆಯಲ್ಲಿ ತಿನ್ನದ ಮಕ್ಕಳಲ್ಲಿ ಒಬ್ಬಿಬ್ಬರು ಬುಟ್ಟಿ ಬಂದಾಗ ಮೊಟ್ಟೆಯನ್ನೇ ಕೇಳುತ್ತಾರೆ. ನಾವು ಏನು ಮಾಡಬೇಕು ಎಂದು ಯಾವ ಆದೇಶದಲ್ಲೂ ಬರೆದಿಲ್ಲ.

ಮಲೆನಾಡಿನ ಅಪ್ಪ

ಕೊಡುತ್ತೀರಾ?

ಕೊಪ್ಪಳ ಸೀಮೆಯ ಶಿಕ್ಷಕಿ

ಅದನ್ನು ಇಲ್ಲಿ ಬರೆಯುವುದಿಲ್ಲ.

ಬಿಸಿಲೂರು

ಬುಟ್ಟಿಯ ವಿಷಯವನ್ನು ಸೇರಿಸುತ್ತೇನೆ, ‘ಕ್ರಮ ಬದಲಿಸುವುದು’ ಎಂಬುದಕ್ಕೆ ಅಷ್ಟಾದರೂ ಮೈ ಬರುತ್ತದೆ. ಸಂಪಾದಕರು ಇವತ್ತು ಸಂಜೆಯೊಳಗೆ ಕೇಳಿದ್ದಾರೆ. ಮಲೆನಾಡಿನವರೇ, ನಿಮ್ಮ ತಕರಾರು ಅದರಿಂದ ತೀರುವುದಿಲ್ಲ ಎಂದು ಗೊತ್ತು. ನೀವೇ ಒಂದು ಪ್ರತಿಕ್ರಿಯೆ ಬರೆದರೆ ಮುಂದಿನ ವಾರ ಹಾಕಿಸುತ್ತೇನೆ.

ಮಲೆನಾಡಿನ ಅಪ್ಪ

ಬರೆಯುತ್ತೇನೆ. ಎಷ್ಟು ಪದ?

ಬಿಸಿಲೂರು

ಮುನ್ನೂರು. ಶೀರ್ಷಿಕೆ ಅವರೇ ಕೊಡುತ್ತಾರೆ, ಅದಕ್ಕೆ ನನ್ನನ್ನು ಬೈಯಬೇಡಿ.